ಸೊನ್ನೆ ಬಂದರೆ ದಾರಿ ಖಾಲಿ ಎಂದಲ್ಲ

ಅಡಿಕೆ ತೋಟದಲ್ಲಿ ಔಷಧಿ ಹೊಡೆಯುವ ಡ್ರೋನ್‌ಗಳು ಮರಗಳ ನೆತ್ತಿಯ ಮೇಲೆ ಹಾರುತ್ತವೆ. ಅಲ್ಲಿ ಆಕಾಶ ಬಿಟ್ಟರೆ ಎದುರಿಗೆ ಏನೂ ಇಲ್ಲ. ಅದೇ ಡ್ರೋನನ್ನು ಸೋಗೆಯ ಕೆಳಗೆ ಇಳಿಸಿ, ಎದೆಮಟ್ಟದಲ್ಲಿ, ಎರಡು ಸಾಲುಗಳ ನಡುವೆ ಓಡಿಸಬೇಕು ಎಂದುಕೊಳ್ಳಿ. ಕಾಂಡದ ಬಿರುಕೋ, ಕಾಳುಮೆಣಸಿನ ಬಳ್ಳಿಯ ಸೊರಗೋ ಹತ್ತಿರದಿಂದ ಚಿತ್ರ ತೆಗೆಯಬೇಕಾಗಿದೆ. ಈಗ ಪ್ರತಿ 2.7 ಮೀಟರಿಗೆ, ಅಂದರೆ ಒಂಬತ್ತು ಅಡಿಗೆ, ಒಂದೊಂದು ಮರ. ಸಾಲಿನ ತುದಿಯಲ್ಲಿ ರಿಮೋಟ್ ಹಿಡಿದು ನಿಂತವನಿಗೆ ಡ್ರೋನ್ ಮೂರನೇ ಮರದ ಬಳಿ ಇದೆಯೋ ಐದನೆಯದರ ಬಳಿಯೋ ಎಂಬುದೇ ಸರಿಯಾಗಿ ಕಾಣುವುದಿಲ್ಲ. ಡ್ರೋನ್ ತಾನೇ ನೋಡಿಕೊಂಡು ಹೋಗಬೇಕು.

ನೋಡಿಕೊಳ್ಳಲು ಈಗ ಸಿಗುವ ಕಣ್ಣುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡೆಪ್ತ್ ಕ್ಯಾಮೆರಾ. ಇಂಟೆಲ್ ಕಂಪನಿ 2018ರಲ್ಲಿ ಮಾರುಕಟ್ಟೆಗೆ ತಂದ ರಿಯಲ್‌ಸೆನ್ಸ್ ಡಿ435 ಇದಕ್ಕೆ ಒಳ್ಳೆಯ ಉದಾಹರಣೆ. ಒಂಬತ್ತು ಸೆಂಟಿಮೀಟರ್ ಉದ್ದ, ಸುಮಾರು 72 ಗ್ರಾಂ ತೂಕ. ಮಾಮೂಲಿ ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೆ ಬಣ್ಣ ಕೊಟ್ಟರೆ ಇದು ದೂರ ಕೊಡುತ್ತದೆ: ಇಲ್ಲಿ 3,120 ಮಿಲಿಮೀಟರ್, ಅದರ ಪಕ್ಕದಲ್ಲಿ 3,140, ಇನ್ನೊಂದರಲ್ಲಿ 0. ಈ ಕೊನೆಯ ಸೊನ್ನೆಯ ಮೇಲೆ ಒಂದು ಕಣ್ಣಿಟ್ಟಿರಿ. ಡ್ರೋನ್ ಮರಕ್ಕೆ ಗುದ್ದುವ ಪ್ರಸಂಗಗಳಲ್ಲಿ ಬಹಳಷ್ಟು ಅಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ದೂರ ಅಳೆಯುವ ಬಗೆ ಸರಳ. ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿಯುತ್ತದೆ. ದೂರದ ಗೋಡೆ ಅಷ್ಟಾಗಿ ಅಲುಗುವುದಿಲ್ಲ. ಡಿ435ರಲ್ಲಿ ಐದು ಸೆಂಟಿಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾಗಳಿವೆ. ಎಡಚಿತ್ರದ ಒಂದು ಚೂರು ಬಲಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಸರಿದು ಕೂತಿದೆ ಎಂದು ಒಳಗಿನ ಚಿಪ್ ಹುಡುಕುತ್ತದೆ. ಸರಿದದ್ದು ಹೆಚ್ಚಿದ್ದರೆ ವಸ್ತು ಹತ್ತಿರ, ಕಡಿಮೆಯಿದ್ದರೆ ದೂರ. ಲೆಕ್ಕ ಒಂದೇ ಸಾಲಿನದು:

Z = f × B / d

Z ದೂರ, B ಎರಡು ಕ್ಯಾಮೆರಾಗಳ ಅಂತರ, d ಸರಿದ ಪಿಕ್ಸೆಲ್‌ಗಳು, f ಲೆನ್ಸಿನ ನಾಭಿದೂರವನ್ನು ಪಿಕ್ಸೆಲ್ ಅಳತೆಯಲ್ಲಿ ಹೇಳಿದ್ದು. 848×480 ಪಿಕ್ಸೆಲ್ ಚಿತ್ರದಲ್ಲಿ f ಸುಮಾರು 425. ಹಾಗಾಗಿ ಒಂದು ಮೀಟರ್ ದೂರದ ಕಾಂಡ 21 ಪಿಕ್ಸೆಲ್ ಸರಿಯುತ್ತದೆ, ನಾಲ್ಕು ಮೀಟರಿನದು ಐದು ಚಿಲ್ಲರೆ, ಎಂಟು ಮೀಟರಿನದು ಎರಡೂವರೆಗಿಂತ ತುಸು ಹೆಚ್ಚು. ಹೊಂದಿಸುವಾಗ ಪಿಕ್ಸೆಲ್‌ನ ಹತ್ತನೇ ಒಂದು ಭಾಗ ತಪ್ಪಿತು ಎನ್ನೋಣ. ಅಷ್ಟು ತಪ್ಪು ಒಳ್ಳೆಯ ಬೆಳಕಿನಲ್ಲೂ ಆಗುವುದೇ. ನಾಲ್ಕು ಮೀಟರಿನಲ್ಲಿ ಅದರಿಂದಾಗುವ ವ್ಯತ್ಯಾಸ ಏಳೆಂಟು ಸೆಂಟಿಮೀಟರ್. ಎಂಟು ಮೀಟರಿನಲ್ಲಿ ಮೂವತ್ತು. ದೂರ ಇಮ್ಮಡಿಯಾದರೆ ತಪ್ಪು ನಾಲ್ಕು ಪಟ್ಟಾಗುತ್ತದೆ.

ಡ್ರೋನ್ ನಿಧಾನವಾಗಿಯೇ ಹೋಗಬೇಕು ಎನ್ನುವ ಮಾತು ಬರುವುದು ಇಲ್ಲಿಂದ. ಮರ ಕಂಡ ಮೇಲೆ ಡ್ರೋನ್ ತಕ್ಷಣ ನಿಲ್ಲುವುದಿಲ್ಲ. ಚಿತ್ರ ಬರಬೇಕು, ಲೆಕ್ಕ ಆಗಬೇಕು, ಕಂಡದ್ದು ನಿಜವೇ ಎಂದು ಇನ್ನೆರಡು ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಬೇಕು, ಆದೇಶ ಹೋಗಬೇಕು, ಡ್ರೋನ್ ಹಿಂದಕ್ಕೆ ವಾಲಬೇಕು. ಇದಕ್ಕೆಲ್ಲ ಒಟ್ಟು ಅರ್ಧ ಸೆಕೆಂಡ್ ಇಟ್ಟುಕೊಳ್ಳಿ. ಆಮೇಲೆ ಬ್ರೇಕ್: ಪ್ರತಿ ಸೆಕೆಂಡಿಗೆ ವೇಗ ಎರಡು ಮೀಟರ್ ಇಳಿಯುತ್ತದೆ ಎನ್ನೋಣ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿದ್ದರೆ ಯೋಚಿಸುವಷ್ಟರಲ್ಲಿ ಒಂದು ಮೀಟರ್, ನಿಲ್ಲುವಷ್ಟರಲ್ಲಿ ಇನ್ನೊಂದು, ಒಟ್ಟು ಎರಡು ಮೀಟರ್ ಕಳೆದಿರುತ್ತದೆ. ವೇಗ ನಾಲ್ಕಾದರೆ ಈ ದಾರಿ ಆರು ಮೀಟರ್. ಅದರ ಮೇಲೆ ಮರಕ್ಕೂ ಡ್ರೋನ್‌ಗೂ ನಡುವೆ ಉಳಿಯಬೇಕಾದ ಜಾಗ ಬೇರೆ. ಎರಡರ ವೇಗದಲ್ಲಿ ಮೂರು ಮೀಟರ್ ಮುಂಚೆ ಕಂಡರೆ ಸಾಕು. ನಾಲ್ಕರ ವೇಗದಲ್ಲಿ ಏಳು ಮೀಟರ್ ಮುಂಚೆ ಕಾಣಬೇಕು. ಅಲ್ಲಿ ಕ್ಯಾಮೆರಾದ ಮಾತಿಗೆ ತೂಕ ಕಡಿಮೆ. ಹನ್ನೆರಡು ಸೆಂಟಿಮೀಟರ್ ದಪ್ಪದ ಅಡಿಕೆ ಕಾಂಡವಾದರೂ ಅಷ್ಟು ದೂರದಲ್ಲಿ ಏಳು ಪಿಕ್ಸೆಲ್ ಅಗಲವಿರುತ್ತದೆ. ಜೋತುಬಿದ್ದ ಎರಡು ಸೆಂಟಿಮೀಟರಿನ ಒಣ ರೆಂಬೆ ಒಂದೇ ಪಿಕ್ಸೆಲ್, ಅದು ಲೆಕ್ಕಕ್ಕೇ ಸಿಗುವುದಿಲ್ಲ.

ಇನ್ನು ಕಂಡದ್ದನ್ನು ಡ್ರೋನ್‌ನ ಹಾರಾಟ ನಿಯಂತ್ರಕಕ್ಕೆ ಹೇಳುವ ಕೆಲಸ. ಹವ್ಯಾಸಿಗಳೂ ಕಾಲೇಜು ಪ್ರಯೋಗಾಲಯಗಳೂ ಬಳಸುವ ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಇಡೀ ಡೆಪ್ತ್ ಚಿತ್ರ ಅದಕ್ಕೆ ಬೇಡ, ಅರಗಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಡ್ರೋನ್ ಮೇಲೆಯೇ ಕೂತ ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್ ಚಿತ್ರದ ನಡುಭಾಗದಿಂದ ಅಡ್ಡಕ್ಕೆ ಒಂದು ಪಟ್ಟಿ ಕತ್ತರಿಸಿ, ಅದನ್ನು 72 ಹೋಳು ಮಾಡಿ, ಪ್ರತಿ ಹೋಳಿಗೆ ಒಂದು ದೂರವನ್ನು ಸೆಂಟಿಮೀಟರಿನಲ್ಲಿ ಬರೆದು ಕಳಿಸುತ್ತದೆ. ಈ ಸಂದೇಶದ ಹೆಸರು `OBSTACLE_DISTANCE`. ಕ್ಯಾಮೆರಾ ಸುಮಾರು 87 ಡಿಗ್ರಿ ಅಗಲ ನೋಡುವುದರಿಂದ ಒಂದು ಹೋಳು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಹನ್ನೆರಡು ಪಿಕ್ಸೆಲ್‌ನಷ್ಟು. ನಾಲ್ಕು ಮೀಟರ್ ದೂರದ ಅಡಿಕೆ ಕಾಂಡ ಸರಿಸುಮಾರು ಒಂದು ಹೋಳನ್ನು ತುಂಬುತ್ತದೆ.

ಪಟ್ಟಿ ಹತ್ತು ಸಾಲು ಎತ್ತರವಿದ್ದರೆ ಒಂದು ಹೋಳಿನಲ್ಲಿ 120ರಷ್ಟು ದೂರಗಳಿರುತ್ತವೆ. ಅಷ್ಟರಿಂದ ಒಂದು ಸಂಖ್ಯೆ ಆರಿಸಬೇಕು. ಸರಾಸರಿ ತೆಗೆಯೋಣ ಎಂದು ಯಾರಿಗಾದರೂ ಮೊದಲು ಹೊಳೆಯುತ್ತದೆ. ಹೋಳಿನ ಅರ್ಧದಲ್ಲಿ ಮೂರು ಮೀಟರಿನ ಕಾಂಡ, ಉಳಿದರ್ಧದಲ್ಲಿ ಎಂಟು ಮೀಟರಿನ ಹಿನ್ನೆಲೆ ಇದ್ದರೆ ಸರಾಸರಿ ಐದೂವರೆ. ಅಲ್ಲಿ ಏನೂ ಇಲ್ಲ. ಮರ ಇರುವುದು ಮೂರರಲ್ಲಿ. ಎಲ್ಲಕ್ಕಿಂತ ಹತ್ತಿರದ ಪಿಕ್ಸೆಲನ್ನೇ ಹಿಡಿಯೋಣ ಎಂದರೆ ಒಂದು ತಪ್ಪು ಚುಕ್ಕೆಗೆ ಡ್ರೋನ್ ಗಕ್ಕನೆ ನಿಲ್ಲುತ್ತದೆ. ಹತ್ತಿರದಿಂದ ದೂರಕ್ಕೆ ಸಾಲಾಗಿ ಜೋಡಿಸಿ, ಮೊದಲ ಹತ್ತನೇ ಒಂದು ಭಾಗವನ್ನು ದಾಟಿದಾಗ ಸಿಗುವ ಸಂಖ್ಯೆ ತೆಗೆದುಕೊಳ್ಳುವುದು ನಡುವಿನ ದಾರಿ.

ಸೊನ್ನೆಯ ವಿಚಾರ ಬರುವುದು ಈಗ. ಎರಡೂ ಚಿತ್ರಗಳಲ್ಲಿ ಹೊಂದಿಕೆ ಸಿಗದಿದ್ದರೆ ಕ್ಯಾಮೆರಾ ಆ ಪಿಕ್ಸೆಲ್‌ಗೆ 0 ಎಂದು ಬರೆಯುತ್ತದೆ. ಅದರ ಲೆಕ್ಕದಲ್ಲಿ 0 ಎಂದರೆ ‘ಗೊತ್ತಿಲ್ಲ’. `OBSTACLE_DISTANCE` ಸಂದೇಶದ ನಿಯಮದಲ್ಲಿ 0 ಎಂದರೆ ‘ಅಡ್ಡಿ ಮೂಗಿನ ಮುಂದೆಯೇ ಇದೆ’. ಗೊತ್ತಿಲ್ಲ ಎನ್ನುವುದಕ್ಕೆ ಅಲ್ಲಿ ಬೇರೆ ಸಂಖ್ಯೆ ಇದೆ, 65535. ಗರಿಷ್ಠ ದೂರಕ್ಕೆ ಒಂದು ಕೂಡಿಸಿ ಕಳಿಸಿದರೆ ‘ದಾರಿ ಖಾಲಿ’. ಎಂಟು ಮೀಟರ್ ಗರಿಷ್ಠವಾದರೆ ಅದು 801. ಮೂರು ಬೇರೆ ಬೇರೆ ಉತ್ತರಗಳು ಇವು. ಅವಸರದಲ್ಲಿ ಬರೆದ ಪ್ರೋಗ್ರಾಂಗಳು ಸೊನ್ನೆಗಳನ್ನೆಲ್ಲ ‘ಖಾಲಿ’ಯ ಬುಟ್ಟಿಗೆ ಹಾಕಿಬಿಡುತ್ತವೆ. ಹಾಕಬಾರದೆಂದರೆ ಹೀಗೆ ಬರೆಯಬೇಕು:

```python
z = strip[strip > 0]
if z.size < 0.4 * strip.size:
    out[i] = 65535
else:
    near = np.sort(z)[z.size // 10]
    out[i] = min(int(near / 10), 801)
```

ಹೋಳಿನಲ್ಲಿ ಶೇಕಡ 40ಕ್ಕಿಂತ ಕಡಿಮೆ ಪಿಕ್ಸೆಲ್‌ಗಳು ಬಾಯಿಬಿಟ್ಟಿದ್ದರೆ ಉಳಿದವುಗಳ ಮಾತನ್ನೂ ನಂಬುವುದಿಲ್ಲ, ಗೊತ್ತಿಲ್ಲ ಎಂದೇ ಬರೆಯುತ್ತೇವೆ. 40 ಎಂಬ ಅಂಕಿ ಎಲ್ಲೂ ಕೊರೆದಿಟ್ಟದ್ದಲ್ಲ, ಅವರವರ ಜಾಗಕ್ಕೆ ತಕ್ಕಂತೆ ಏರಿಳಿಸಿಕೊಳ್ಳಬಹುದು.

ಕ್ಯಾಮೆರಾ ಯಾವಾಗ ಬಾಯಿ ಮುಚ್ಚುತ್ತದೆ? ಸುಣ್ಣ ಬಳಿದ ನುಣುಪು ಗೋಡೆಯಲ್ಲಿ ಗುರುತು ಹಿಡಿಯಲು ಏನೂ ಇರುವುದಿಲ್ಲ. ಅಂಥ ಕಡೆಗೆಂದು ಡಿ435 ಕಣ್ಣಿಗೆ ಕಾಣದ ಅತಿಗೆಂಪು ಚುಕ್ಕೆಗಳನ್ನು ಎರಚುತ್ತದೆ. ಮನೆಯೊಳಗೆ ಅವು ಕೆಲಸ ಮಾಡುತ್ತವೆ, ಬಿಸಿಲಿನಲ್ಲಿ ಕೊಚ್ಚಿಹೋಗುತ್ತವೆ. ಅಡಿಕೆ ಕಾಂಡದ ಉಂಗುರಗಳೂ ಹಾವಸೆಯ ಕಲೆಗಳೂ ಹೊರಗೆ ಆ ಕೊರತೆ ತುಂಬುತ್ತವೆ. ಗಾಜು, ನಿಂತ ನೀರು, ಲೆನ್ಸಿಗೆ ನೇರ ಬೀಳುವ ಸಂಜೆ ಬಿಸಿಲು ಇವೆಲ್ಲ ಪಟ್ಟಿಯಲ್ಲಿವೆ. ಇವುಗಳಿಗಿಂತ ಕೆಟ್ಟದ್ದು ತೀರಾ ಹತ್ತಿರದ ವಸ್ತು. ಚಿಪ್ ಹುಡುಕುವುದು 126 ಪಿಕ್ಸೆಲ್ ಸರಿಯುವ ತನಕ ಮಾತ್ರ. ಅದಕ್ಕಿಂತ ಹೆಚ್ಚು ಸರಿದದ್ದು, ಅಂದರೆ ಸುಮಾರು ಇಪ್ಪತ್ತು ಸೆಂಟಿಮೀಟರಿಗಿಂತ ಹತ್ತಿರದ್ದು, ಸಿಗುವುದಿಲ್ಲ. ಗಾಳಿಗೆ ತಳ್ಳಿಕೊಂಡು ಹೋದ ಡ್ರೋನ್ ಕಾಂಡಕ್ಕೆ ಅಂಟುವಷ್ಟು ಹತ್ತಿರವಾದಾಗ ಚಿತ್ರದ ತುಂಬ ಸೊನ್ನೆ. ಆ ಸೊನ್ನೆಗಳನ್ನು ಖಾಲಿ ಎಂದು ಓದಿದ ಡ್ರೋನ್ ಮುಂದಕ್ಕೇ ನುಗ್ಗುತ್ತದೆ.

ಬಾಯಿ ಮುಚ್ಚುವುದರ ಬದಲು ಸುಳ್ಳು ಹೇಳುವ ಸಂದರ್ಭವೂ ಉಂಟು. ತೋಟದ ಬೇಲಿಗೆ ಎರಡಿಂಚಿನ ವೆಲ್ಡ್ ಮೆಶ್ ಹಾಕಿದ್ದಾರೆ ಎನ್ನಿ. ಜಾಲರಿಯ ಕಣ್ಣು ಅಡ್ಡಕ್ಕೆ ಐದು ಸೆಂಟಿಮೀಟರ್, ಎರಡು ಕ್ಯಾಮೆರಾಗಳ ನಡುವಿನ ಅಂತರವೂ ಐದು. ಹಾಗಾಗಿ ಬೇಲಿ ಎಷ್ಟೇ ದೂರವಿರಲಿ, ಎಡಚಿತ್ರದ ತಂತಿ ಬಲಚಿತ್ರದಲ್ಲಿ ಬಹುಪಾಲು ಸರಿಯಾಗಿ ಒಂದು ಕಣ್ಣಿನಷ್ಟು ಸರಿಯುತ್ತದೆ, ಸರಿದು ಪಕ್ಕದ ತಂತಿಯ ಜಾಗದಲ್ಲೇ ಕೂರುತ್ತದೆ. ಚಿಪ್‌ಗೆ ತಂತಿ ಸರಿದೇ ಇಲ್ಲವೇನೋ ಎನಿಸಬಹುದು. ಸರಿಯದ ವಸ್ತು ಎಂದರೆ ಅನಂತ ದೂರದ ವಸ್ತು. ಅಡ್ಡಲಾಗಿ ಹಾದುಹೋದ ಕರೆಂಟು ತಂತಿಯದೂ ಇದೇ ಜಾತಿಯ ತೊಂದರೆ. ಚಿಪ್ ಅಡ್ಡಸಾಲಿನಲ್ಲಿ ಹುಡುಕುತ್ತದೆ, ತಂತಿಯೂ ಅಡ್ಡಕ್ಕೇ ಇದೆ; ಅದರ ಯಾವ ತುಣುಕು ಯಾವ ತುಣುಕಿಗೆ ಹೊಂದಬೇಕು ಎಂಬುದೇ ತಿಳಿಯದು. ನೆಟ್ಟಗೆ ನಿಂತ ಅಡಿಕೆ ಕಾಂಡ ಇಂಥ ಕ್ಯಾಮೆರಾಕ್ಕೆ ಎಷ್ಟು ಅನುಕೂಲವೋ ಅಡ್ಡ ತಂತಿ ಅಷ್ಟೇ ಪ್ರತಿಕೂಲ. ತಂತಿ ಇರುವ ಕಡೆ ಈ ಕ್ಯಾಮೆರಾ ನಂಬಿ ಹಾರಿಸಬೇಡಿ ಎನ್ನುವುದನ್ನು ಬಿಟ್ಟು ಬೇರೆ ಸಲಹೆ ನನ್ನಲ್ಲಿಲ್ಲ.

‘ಗೊತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದು ಕಳಿಸಿದರೆ ಮುಗಿಯಿತೇ ಎಂದರೆ ಇಲ್ಲ. ವ್ಯಾಪ್ತಿಯ ಹೊರಗಿನ ಸಂಖ್ಯೆ ಬಂದರೆ ಆರ್ಡುಪೈಲಟ್ ಅದನ್ನು ಅಡ್ಡಿಯೆಂದು ಪರಿಗಣಿಸುವುದಿಲ್ಲ, ಬದಿಗಿಡುತ್ತದೆ. ಬದಿಗಿಟ್ಟ ದಿಕ್ಕಿಗೆ ಹೋಗಲು ಅದಕ್ಕೆ ತಡೆಯೂ ಇಲ್ಲ. ಆದ್ದರಿಂದ ಕುರುಡು ಹೋಳುಗಳು ಬಂದಾಗ ಏನು ಮಾಡಬೇಕು ಎಂಬ ತೀರ್ಮಾನ ಪುಟ್ಟ ಕಂಪ್ಯೂಟರಿನದೇ ಆಗಬೇಕು. ನಟ್ಟನಡುವಿನ ಹತ್ತು ಹೋಳುಗಳಲ್ಲಿ ಮೂರು ನಾಲ್ಕು ಸತತ ಕೆಲವು ಚಿತ್ರಗಳವರೆಗೆ ಕುರುಡಾಗಿಯೇ ಉಳಿದರೆ ವೇಗ ಅರ್ಧಕ್ಕಿಳಿಸು, ಆಮೇಲೂ ಕಾಣದಿದ್ದರೆ ನಿಲ್ಲು: ಇಷ್ಟು ಸಾಕು. ಒಂದೊಂದು ಕುರುಡು ಹೋಳಿಗೂ ನಿಲ್ಲುವಂತೆ ಮಾಡಿದರೆ ಡ್ರೋನ್ ಎಲ್ಲಿಗೂ ಹೋಗುವುದಿಲ್ಲ.

ಈಗ ನಮ್ಮ ಸಾಲಿನೊಳಗೆ ಇಳಿಯೋಣ. ಆರ್ಡುಪೈಲಟ್‌ನಲ್ಲಿ `PRX1_TYPE` ಅನ್ನು 2 ಮಾಡಿದರೆ ಅದು ಮ್ಯಾವ್‌ಲಿಂಕ್ ಸಂದೇಶದಿಂದ ಬರುವ ದೂರಗಳನ್ನು ಕೇಳಿಸಿಕೊಳ್ಳುತ್ತದೆ. `AVOID_MARGIN` ಅಡ್ಡಿಯಿಂದ ಎಷ್ಟು ದೂರ ಉಳಿಯಬೇಕೆಂಬ ಅಂಕಿ. ಮೊದಲೇ ತುಂಬಿ ಬರುವುದು ಎರಡು ಮೀಟರ್. ಹಾಗೇ ಬಿಟ್ಟು ಸಾಲಿನ ಬಾಯಿಗೆ ಡ್ರೋನ್ ತಂದರೆ ಅದು ಅಲ್ಲೇ ನಿಂತುಬಿಡುತ್ತದೆ, ಕಡ್ಡಿ ಎಷ್ಟು ಒತ್ತಿದರೂ ಒಳಗೆ ಬಾರದು. ಕೆಟ್ಟುಹೋಗಿಲ್ಲ, ಹೇಳಿದಂತೆಯೇ ನಡೆದುಕೊಳ್ಳುತ್ತಿದೆ. ಮರದಿಂದ ಮರಕ್ಕೆ 2.7 ಮೀಟರ್, ಕಾಂಡದ ದಪ್ಪ ಕಳೆದರೆ ನಡುಗೆರೆಯಿಂದ ಎರಡೂ ಕಡೆ ಸಿಗುವುದು 1.29 ಮೀಟರ್. ಎರಡು ಮೀಟರ್ ಬಿಡಬೇಕು ಎಂಬ ಆಜ್ಞೆ ಪಾಲಿಸಲು ಅಲ್ಲಿ ಜಾಗವೇ ಇಲ್ಲ. ಅಂಕಿಯನ್ನು ಒಂದು ಮೀಟರಿಗೆ ಇಳಿಸಬೇಕು. ರೆಕ್ಕೆಗಳ ತುದಿಯವರೆಗೆ ಡ್ರೋನ್ 60 ಸೆಂಟಿಮೀಟರ್ ಅಗಲವಿದ್ದರೆ ಆಗ ರೆಕ್ಕೆಗೂ ಕಾಂಡಕ್ಕೂ ನಡುವೆ 70 ಸೆಂಟಿಮೀಟರ್ ಉಳಿಯುತ್ತದೆ. ಸಾಲಿನ ನಡುಗೆರೆಯಿಂದ ಅತ್ತಿತ್ತ ತೂಗಾಡಲು ಸಿಗುವುದು ಮೂವತ್ತು ಸೆಂಟಿಮೀಟರಿಗೂ ಕಡಿಮೆ. ಸೋಗೆಯ ಕೆಳಗೆ ಜಿಪಿಎಸ್ ಒಂದನ್ನೇ ನಂಬಿದ ಡ್ರೋನ್ ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ. ನೆಲ ನೋಡುತ್ತ ತನ್ನ ಚಲನೆ ಅಳೆಯುವ ಆಪ್ಟಿಕಲ್ ಫ್ಲೋ ಸೆನ್ಸರ್ ಬೇಕೇ ಬೇಕು. ಇದರ ಜೊತೆಗೆ ಕ್ಯಾಮೆರಾದ ಯುಎಸ್‌ಬಿ 3 ಕೇಬಲ್ಲೇ ಜಿಪಿಎಸ್‌ಗೆ ಗದ್ದಲ ಎಬ್ಬಿಸುತ್ತದೆ. ಕ್ಯಾಮೆರಾ ಚಾಲೂ ಮಾಡಿದೊಡನೆ ಉಪಗ್ರಹಗಳ ಎಣಿಕೆ ಕುಸಿದರೆ ಅಪರಾಧಿ ಅದೇ. ಒಳ್ಳೆಯ ಕವಚವಿರುವ ಗಿಡ್ಡ ಕೇಬಲ್ ಹಾಕಿ, ಜಿಪಿಎಸ್ ಅನ್ನು ಕಂಬದ ಮೇಲೆ ಎತ್ತಿ ಕೂರಿಸಬೇಕು.

ಸಾಲಿನೊಳಗೆ ಹೊರಟ ಮೇಲೆ ಇನ್ನೊಂದು ವಿಚಿತ್ರ ಕಾಣಬಹುದು. ಡ್ರೋನ್ ಮುಂದಕ್ಕೆ ಚಿಮ್ಮುತ್ತದೆ, ನಿಲ್ಲುತ್ತದೆ, ಮತ್ತೆ ಚಿಮ್ಮುತ್ತದೆ, ಮತ್ತೆ ನಿಲ್ಲುತ್ತದೆ. ಎದುರಿಗೆ ಏನೂ ಇಲ್ಲ. ಮುಂದಕ್ಕೆ ಹೋಗಲು ಡ್ರೋನ್ ಮೂತಿ ತಗ್ಗಿಸಬೇಕು. ಸೆಕೆಂಡಿಗೆ ಎರಡು ಮೀಟರ್ ವೇಗ ಗಳಿಸುವಷ್ಟು ಜೋರಾದರೆ ಹನ್ನೊಂದು ಹನ್ನೆರಡು ಡಿಗ್ರಿ. ಕ್ಯಾಮೆರಾವೂ ಅಷ್ಟೇ ಬಗ್ಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಚಿತ್ರದ ನಡುಗೆರೆ ಏಳೂವರೆ ಮೀಟರ್ ಮುಂದೆ ನೆಲಕ್ಕೆ ತಾಗುತ್ತದೆ. ನಾವು ಕತ್ತರಿಸುವ ಪಟ್ಟಿ ನಡುಗೆರೆಗಿಂತ ಸ್ವಲ್ಪ ಕೆಳಗಿದ್ದರಂತೂ ನಾಲ್ಕೇ ಮೀಟರಿನಲ್ಲಿ ನೆಲ. ಡ್ರೋನ್ ನೆಲವನ್ನು ಗೋಡೆ ಎಂದುಕೊಂಡು ಬ್ರೇಕ್ ಹಾಕುತ್ತದೆ. ಬ್ರೇಕ್ ಹಾಕಿದಾಗ ಮೂತಿ ಮೇಲೇಳುತ್ತದೆ, ಗೋಡೆ ಮಾಯ. ಮತ್ತೆ ಹೊರಡುತ್ತದೆ. ಇದಕ್ಕೆ ಮದ್ದು, ಪಟ್ಟಿಯನ್ನು ಡ್ರೋನ್‌ನ ವಾಲಿಕೆಗೆ ತಕ್ಕಂತೆ ಚಿತ್ರದಲ್ಲಿ ಮೇಲೆ ಕೆಳಗೆ ಸರಿಸುತ್ತಿರುವುದು. ಹತ್ತು ಡಿಗ್ರಿ ಬಗ್ಗಿದರೆ ಪಟ್ಟಿ 75 ಪಿಕ್ಸೆಲ್ ಮೇಲಕ್ಕೆ ಹೋಗಬೇಕು. ವಾಲಿಕೆಯ ಅಂಕಿಯನ್ನು ನಿಯಂತ್ರಕವೇ ಪುಟ್ಟ ಕಂಪ್ಯೂಟರಿಗೆ ಕಳಿಸುತ್ತಿರುತ್ತದೆ, ಕೇಳಿಸಿಕೊಂಡರಾಯಿತು.

ಕಣ್ಣು ಮುಂದಕ್ಕೆ ಮಾತ್ರ ಇರುವುದೂ ತೋಟದೊಳಗೆ ಕಾಡುತ್ತದೆ. ನಡುಗೆರೆಯಲ್ಲಿ ಹೋಗುವ ಡ್ರೋನ್‌ಗೆ ಪಕ್ಕದ ಮರ ಇನ್ನೂ ಸುಮಾರು 1.4 ಮೀಟರ್ ಮುಂದಿರುವಾಗಲೇ ಚಿತ್ರದ ಅಂಚು ದಾಟಿ ಮರೆಯಾಗುತ್ತದೆ. ಮರ ರೆಕ್ಕೆಯ ಪಕ್ಕಕ್ಕೆ ಬರುವ ಹೊತ್ತಿಗೆ ಕ್ಯಾಮೆರಾಕ್ಕೆ ಅದರ ಸುದ್ದಿಯೇ ಇಲ್ಲ. ಸ್ವಯಂ ಹಾರಾಟದಲ್ಲಿ ದಾರಿ ಬಳಸುವ ಬೆಂಡಿರೂಲರ್ ವಿಧಾನವನ್ನು `OA_TYPE` 1 ಮಾಡಿ ಆರಿಸಿಕೊಂಡರೆ ಆರ್ಡುಪೈಲಟ್ ಕಂಡ ಅಡ್ಡಿಗಳನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. `OA_DB_EXPIRE` ಹೇಳುವುದು ಆ ನೆನಪಿನ ಆಯುಷ್ಯ, ತಾನಾಗಿ ಇರುವುದು ಹತ್ತು ಸೆಕೆಂಡ್. ಆದರೆ ಆ ನೆನಪು ಡ್ರೋನ್ ತಾನೆಲ್ಲಿದ್ದೇನೆಂದು ತಿಳಿದಿರುವಷ್ಟೇ ಸರಿ. ಪಕ್ಕಕ್ಕೆ ಜಾರಿಸದೆ, ಮೊದಲು ಮೂತಿ ತಿರುಗಿಸಿ ಆಮೇಲೆ ಹೊರಡುವ ಅಭ್ಯಾಸ ಇದಕ್ಕಿಂತ ಗಟ್ಟಿ. ಹಿಂದಕ್ಕೆ ಸರಿಯುವುದನ್ನೂ ನೋಡಿಕೊಳ್ಳಬೇಕು. ಅಡ್ಡಿ ತೀರಾ ಹತ್ತಿರವಾದರೆ ಆರ್ಡುಪೈಲಟ್ ತಾನಾಗಿ ಹಿಂದೆ ಸರಿಯುತ್ತದೆ, ಹಿಂದೆ ಕಣ್ಣಿಲ್ಲ, ಮರ ಇದೆ. ತೋಟದಲ್ಲಿ `AVOID_BACKUP_SPD` ಅನ್ನು 0 ಮಾಡಿ, ನಿಂತಲ್ಲೇ ನಿಲ್ಲಲು ಬಿಡುವುದು ಲೇಸು.

ಇದಿಷ್ಟನ್ನೂ ಹಾರಿಸುವ ಮುಂಚೆ ನೆಲದ ಮೇಲೆಯೇ ಪರೀಕ್ಷಿಸಬಹುದು. ರೆಕ್ಕೆ ಬಿಚ್ಚಿ, ಡ್ರೋನನ್ನು ಸ್ಟೂಲಿನ ಮೇಲಿಟ್ಟು, ಲ್ಯಾಪ್‌ಟಾಪಿನಲ್ಲಿ ಮಿಷನ್ ಪ್ಲಾನರ್ ತೆರೆದು `Ctrl+F` ಒತ್ತಿ `Proximity` ಆರಿಸಿದರೆ ಡ್ರೋನ್ ಏನು ನೋಡುತ್ತಿದೆ ಎಂಬುದು ಪರದೆಯ ಮೇಲೆ ಮೂಡುತ್ತದೆ. ಒಬ್ಬರು ಮೂರು ಮೀಟರ್ ದೂರದಲ್ಲಿ ಎಡದಿಂದ ಬಲಕ್ಕೆ ನಡೆಯಲಿ, ಪರದೆಯ ಗೆರೆಯೂ ಎಡದಿಂದ ಬಲಕ್ಕೇ ಹೋಗಬೇಕು; ಕ್ಯಾಮೆರಾ ತಲೆಕೆಳಗಾಗಿ ಕೂತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಡ್ರೋನನ್ನು ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದು ಮೂತಿ ಹದಿನೈದು ಡಿಗ್ರಿ ತಗ್ಗಿಸಿ, ನೆಲ ಗೋಡೆಯಾಗಿ ಎದ್ದರೆ ಪಟ್ಟಿ ಸರಿಯುತ್ತಿಲ್ಲ ಎಂದರ್ಥ. ಲೆನ್ಸಿನ ಹತ್ತಿರ ಅಂಗೈ ತನ್ನಿ: ಗೆರೆ ಹತ್ತಿರ ಬರುತ್ತ ಬರುತ್ತ, ಅಂಗೈ ಹತ್ತಿಪ್ಪತ್ತು ಸೆಂಟಿಮೀಟರಿಗೆ ಬಂದಾಗ ಮಾಯವಾಗುತ್ತದೆ. ಆ ಕ್ಷಣದಲ್ಲಿ ನಿಮ್ಮ ಪ್ರೋಗ್ರಾಂ ಏನು ಕಳಿಸುತ್ತಿದೆ, 801 ಅಥವಾ 65535, ಎಂದು ಸಂದೇಶ ತೆರೆದು ನೋಡಿ.

ಕೊನೆಗೆ ಕೇಬಲ್ ಕಿತ್ತುಬಿಡಿ. ಕೆಲವು ಪ್ರೋಗ್ರಾಂಗಳು ಹೊಸ ಚಿತ್ರ ಬಾರದಿದ್ದರೂ ಹಳೆಯ 72 ಅಂಕಿಗಳನ್ನೇ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತವೆ. ನಿಯಂತ್ರಕಕ್ಕೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಚಿತ್ರ ತೆಗೆದ ಸಮಯ ನೋಡಿ, ಅರ್ಧ ಸೆಕೆಂಡಿಗಿಂತ ಹಳೆಯದಾದರೆ ಕಳಿಸುವುದನ್ನೇ ನಿಲ್ಲಿಸಿ ಡ್ರೋನನ್ನು ನಿಂತಲ್ಲೇ ನಿಲ್ಲಿಸುವ ಎರಡು ಸಾಲು ಸೇರಿಸುವವರೆಗೆ ರೆಕ್ಕೆ ಹಾಕಬೇಡಿ.